ಜಕಾತಿ ನಾಕಾ ಮುಚ್ಚಿದ ಮೇಲೆ: ಮುಂಬಯಿ ಪಾಲಿಕೆ ಕಳೆದುಕೊಂಡ ತೆರಿಗೆಯ ಪ್ರಕರಣ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಸ್ ನಿಲ್ದಾಣವಿದೆ. ಅಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ಆ ಹೆಸರಿನ ಅರ್ಥದ ಬಗ್ಗೆ ತಲೆ ಕೆಡಿಸಿಕೊಂಡಿರಲಾರರು. ಊರಿನೊಳಗೆ ಬರುವ ಸರಕನ್ನು ತಡೆದು ಸುಂಕ ವಸೂಲು ಮಾಡುತ್ತಿದ್ದ ಜಾಗಗಳು ನಮ್ಮಲ್ಲಿ ಹೀಗೆ ಊರ ಹೆಸರುಗಳಾಗಿ ಉಳಿದಿವೆ, ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂಬ ಗಾದೆಯಾಗಿಯೂ ಉಳಿದಿವೆ. ಉತ್ತರ ಕರ್ನಾಟಕದವರು ಇದನ್ನೇ ಜಕಾತಿ ಎಂದರು, ಸರ್ಕಾರಿ ಕಡತಗಳು ಆಕ್ಟ್ರಾಯ್ ಎಂದವು. ಕರ್ನಾಟಕ ಅದನ್ನು 1979ರಲ್ಲಿಯೇ ಕೈಬಿಟ್ಟಿತು. ಮುಂಬಯಿ ಮಾತ್ರ 2017ರ ಜೂನ್ 30ರ ಮಧ್ಯರಾತ್ರಿಯವರೆಗೆ ಅದನ್ನು ಹಿಡಿದುಕೊಂಡಿತ್ತು.

ಯಾವ ತೆರಿಗೆ ಕೇಂದ್ರಕ್ಕೆ, ಯಾವುದು ರಾಜ್ಯಕ್ಕೆ, ಯಾವುದು ಊರಿಗೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಕೊಡುವ ಉತ್ತರ ಅಚ್ಚುಕಟ್ಟಾಗಿರುತ್ತದೆ. ಮುಂಬಯಿಯ ಪ್ರಕರಣ ಅಷ್ಟು ಅಚ್ಚುಕಟ್ಟಾಗಿಲ್ಲ. ಸಿದ್ಧಾಂತದ ಹೆಚ್ಚಿನ ಒರೆಗಲ್ಲುಗಳ ಮೇಲೆ ಸೋತ ಒಂದು ತೆರಿಗೆ, ಒಂದೇ ಒಂದು ಒರೆಗಲ್ಲಿನ ಮೇಲೆ ಮಾತ್ರ ಭರ್ಜರಿಯಾಗಿ ಗೆದ್ದಿತ್ತು. ಅದನ್ನು ತೆಗೆದಾಗ ಸೋಲುಗಳೆಲ್ಲ ಸರಿಹೋದವು, ಆ ಒಂದು ಗೆಲುವು ಕೈತಪ್ಪಿತು.

ಮಾನಖುರ್ದ್‌ನಲ್ಲಿ ನಿಂತ ಲಾರಿ

2016ರ ಒಂದು ದಿನವನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಪೀಣ್ಯದಿಂದ ಹತ್ತು ಲಕ್ಷ ರೂಪಾಯಿಯ ವಿದ್ಯುತ್ ಮೋಟಾರುಗಳನ್ನು ಹೇರಿಕೊಂಡ ಲಾರಿ ಪುಣೆ, ಪನವೇಲ್ ದಾಟಿ, ವಾಶಿಯ ಸೇತುವೆ ಇಳಿದು ಮಾನಖುರ್ದ್‌ನ ನಾಕಾಕ್ಕೆ ಬರುತ್ತದೆ. ಉತ್ತರದಿಂದ ಬರುವವರಿಗೆ ದಹಿಸರ್, ಠಾಣೆಯ ಕಡೆಯಿಂದ ಬರುವವರಿಗೆ ಮುಲುಂಡ್ ಮತ್ತು ಐರೋಲಿ. ಹೆದ್ದಾರಿಯಲ್ಲಿ ಓಡಿಬಂದ ಲಾರಿ ಇಲ್ಲಿ ಸಾಲಿನಲ್ಲಿ ನಿಲ್ಲಬೇಕು. ಚಾಲಕ ಬಿಲ್ಲು ತೋರಿಸಬೇಕು, ಅಥವಾ ನಾಕಾದ ಏಜೆಂಟನೊಬ್ಬ ಅವನ ಪರವಾಗಿ ತೋರಿಸಬೇಕು. ಬಿಲ್ಲಿನ ಬೆಲೆ ನಂಬುವಂತಿದೆಯೇ ಎಂದು ಗುಮಾಸ್ತ ನೋಡುತ್ತಾನೆ. ಒಂದೊಂದು ಸರಕಿಗೆ ಒಂದೊಂದು ದರ. ಸುಲಭವಾಗಿ ಜೇಬಿನಲ್ಲಿ ಬಚ್ಚಿಟ್ಟು ತರಬಹುದಾದ ಚಿನ್ನಕ್ಕೆ ತೀರಾ ಕಡಿಮೆ. ಏಕೆ ಎಂದು ಬೇರೆ ಹೇಳಬೇಕಿಲ್ಲ.

ಲೆಕ್ಕದ ಸಲುವಾಗಿ ಮೋಟಾರಿನ ಮೇಲಿನ ದರ ನೂರಕ್ಕೆ ಐದು ಎಂದಿಟ್ಟುಕೊಳ್ಳೋಣ. ಐವತ್ತು ಸಾವಿರ ರೂಪಾಯಿ ನಾಕಾದಲ್ಲಿಯೇ ಕಟ್ಟಿ ಒಳಗೆ ಹೋಗಬೇಕು. ವ್ಯಾಪಾರಿ ಅದನ್ನು ತನ್ನ ಖರ್ಚಿನಲ್ಲಿ ಸೇರಿಸುತ್ತಾನೆ. ಆ ಮೋಟಾರನ್ನು ಮಾರುವಾಗ ರಾಜ್ಯ ಸರ್ಕಾರದ ವ್ಯಾಟ್ ಬೀಳುವುದು ಈ ಐವತ್ತು ಸಾವಿರವೂ ಸೇರಿದ ಬೆಲೆಯ ಮೇಲೆ. ವ್ಯಾಟ್ ದರ ಹನ್ನೆರಡೂವರೆ ಎಂದರೆ, ತೆರಿಗೆಯ ಮೇಲಿನ ತೆರಿಗೆಯೇ 6,250 ರೂಪಾಯಿ. ಖರೀದಿಸಿದವನು ಕಾರ್ಖಾನೆಯವನಾಗಿದ್ದರೆ ವ್ಯಾಟನ್ನು ಮುಂದೆ ತಾನು ಕಟ್ಟಬೇಕಾದ ವ್ಯಾಟಿನಲ್ಲಿ ಕಡಿತ ಮಾಡಿಕೊಳ್ಳಬಹುದಿತ್ತು, ಜಕಾತಿಯನ್ನು ಹಾಗೆ ಕಡಿತ ಮಾಡಿಕೊಳ್ಳುವ ದಾರಿ ಇರಲಿಲ್ಲ. ಅದು ಅವನ ಸರಕಿನ ಬೆಲೆಯೊಳಗೆ ಹುದುಗಿ ಕುಳಿತು, ಆ ಸರಕಿನ ಜೊತೆ ಎಲ್ಲಿಗೆ ಬೇಕಾದರೂ ಪ್ರಯಾಣ ಮಾಡುತ್ತಿತ್ತು.

ಇನ್ನೊಂದು ತೊಡಕು. ಅದೇ ಲಾರಿಯ ಅರ್ಧ ಸರಕು ಸೂರತ್‌ಗೆ ಹೋಗಬೇಕಿದ್ದರೆ? ಮುಂಬಯಿಯಲ್ಲಿ ಬಳಕೆಯಾಗದ, ಮಾರಾಟವಾಗದ ಸರಕಿನ ಮೇಲೆ ಜಕಾತಿ ಇಲ್ಲ. ಆದರೆ ಅದನ್ನು ಸಾಬೀತು ಮಾಡುವ ಹೊಣೆ ಲಾರಿಯವನದು. ಒಳಬರುವಾಗ ಕಾಗದ, ಹೊರಹೋಗುವಾಗ ಕಾಗದ, ಎರಡೂ ಹೊಂದಿಕೆಯಾಗಬೇಕು. ಊರಿನೊಳಗೆ ಸರಕು ಮಾಯವಾಗಿ ಬರೀ ಕಾಗದ ಹೊರಗೆ ಹೋದರೆ ಅದು ವಂಚನೆ, ನಿಜವಾಗಿಯೂ ಹೊರಗೆ ಹೋದ ಸರಕಿನ ಕಾಗದ ಕಳೆದರೆ ಅದು ಲಾರಿಯವನ ನಷ್ಟ. ನಾಕಾಗಳ ಸುತ್ತ ಏಜೆಂಟರ ಒಂದು ಸಣ್ಣ ಲೋಕವೇ ಬೆಳೆದದ್ದು ಈ ಬಿರುಕಿನಲ್ಲಿ.

ಮಾಹುಲ್‌ನ ಕಚ್ಚಾ ತೈಲ

ಇಷ್ಟು ಕಿರಿಕಿರಿಯ ತೆರಿಗೆಯನ್ನು ಪಾಲಿಕೆ ಏಕೆ ಬಿಡಲಿಲ್ಲ ಎಂಬುದಕ್ಕೆ ಉತ್ತರ ಲಾರಿಗಳಲ್ಲಿಲ್ಲ. ಚೆಂಬೂರಿನ ಪಕ್ಕದ ಮಾಹುಲ್‌ನಲ್ಲಿ ಭಾರತ್ ಪೆಟ್ರೋಲಿಯಂ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂನ ಎರಡು ತೈಲ ಶುದ್ಧೀಕರಣ ಘಟಕಗಳಿವೆ. ಅವುಗಳಿಗೆ ಹಡಗಿನಲ್ಲೋ ಕೊಳವೆಯಲ್ಲೋ ಬರುವ ಕಚ್ಚಾ ತೈಲವೂ ಪಾಲಿಕೆಯ ಗಡಿಯೊಳಗೆ ಬಳಕೆಗಾಗಿ ಬರುವ ಸರಕೇ. ಅದರ ಮೇಲೂ ಜಕಾತಿ. ಪಾಲಿಕೆಗೆ ಅತಿ ಹೆಚ್ಚು ಜಕಾತಿ ಕಟ್ಟುತ್ತಿದ್ದವರಲ್ಲಿ ತೈಲ ಕಂಪನಿಗಳೇ ಮುಂದಿದ್ದವು. ಅಲ್ಲಿ ಸಾಲಿಲ್ಲ, ಏಜೆಂಟನಿಲ್ಲ, ಬಚ್ಚಿಡುವ ಮಾತೇ ಇಲ್ಲ.

ತೆರಿಗೆ ಹಂಚಿಕೆಯ ಸಿದ್ಧಾಂತ ಇಲ್ಲಿ ಕೈ ಎತ್ತಿ ತಡೆಯುತ್ತದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಮಸ್‌ಗ್ರೇವ್ 1980ರ ದಶಕದಲ್ಲಿ ಈ ವಿಚಾರಕ್ಕೆ ಕೊಟ್ಟ ರೂಪವನ್ನು ಸರಳವಾಗಿ ಹೇಳುವುದಾದರೆ, ಊರಿನ ಕೈಗೆ ಕೊಡುವ ತೆರಿಗೆ ಜಾಗ ಬಿಟ್ಟು ಕದಲದ ವಸ್ತುವಿನ ಮೇಲಿರಬೇಕು, ಅದರ ಭಾರ ಆ ಊರಿನವರ ಮೇಲೆಯೇ ಬೀಳಬೇಕು. ನೆಲ ಮತ್ತು ಕಟ್ಟಡ ಈ ಎರಡಕ್ಕೂ ಹೊಂದುತ್ತವೆ. ಓಡಾಡುವ ವಸ್ತು, ಏರಿಳಿಯುವ ಆದಾಯ, ದೇಶದಲ್ಲಿ ಅಲ್ಲಲ್ಲಿ ಮಾತ್ರ ಸಿಗುವ ಸಂಪತ್ತು ಇವುಗಳ ಮೇಲಿನ ತೆರಿಗೆ ಮೇಲಿನ ಹಂತಕ್ಕೆ ಹೋಗಬೇಕು. ಕಾರಣ ಸ್ಪಷ್ಟ. ಮಾಹುಲ್‌ನಲ್ಲಿ ಶುದ್ಧವಾದ ಡೀಸೆಲ್ಲನ್ನು ಮುಂಬಯಿಯವರು ಮಾತ್ರ ಉರಿಸುವುದಿಲ್ಲ. ಕಚ್ಚಾ ತೈಲದ ಮೇಲೆ ಊರು ಹಾಕಿದ ತೆರಿಗೆಯನ್ನು, ಆ ಊರಿನಲ್ಲಿ ಮತ ಹಾಕದ ಯಾರೋ ಕೂಡ ಕಟ್ಟುವ ಸಾಧ್ಯತೆ ಇರುತ್ತದೆ. ತೆರಿಗೆಯ ಭಾರವನ್ನು ಹೀಗೆ ಗಡಿಯಾಚೆಗೆ ದಾಟಿಸಬಹುದಾದರೆ ಸ್ಥಳೀಯ ಆಡಳಿತಕ್ಕೆ ದರ ಏರಿಸುವುದು ಸಲೀಸು. ಬೈಯುವವರು ಬೇರೆ ಊರಿನವರು.

ಏರಿಳಿತದ ವಿಚಾರವೂ ಇದೆ. ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಹಾಕುವ ತೆರಿಗೆ ಬೆಲೆಯ ಜೊತೆ ಏರುತ್ತದೆ, ಬೀಳುತ್ತದೆ. ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆ 2013-14ರಲ್ಲಿ ಬ್ಯಾರೆಲ್ಲಿಗೆ ನೂರು ಡಾಲರಿಗೂ ಮೇಲಿತ್ತು, 2016-17ರಲ್ಲಿ ಐವತ್ತಕ್ಕೂ ಕೆಳಗೆ ಬಂದಿತ್ತು. ಕೇಂದ್ರ ಸರ್ಕಾರ ಇಂಥ ಕುಸಿತವನ್ನು ಸಾಲ ಮಾಡಿ ದಾಟುತ್ತದೆ. ಚರಂಡಿ ತೆಗೆಸುವ, ಆಸ್ಪತ್ರೆ ನಡೆಸುವ, ತಿಂಗಳು ತಿಂಗಳು ಪೌರಕಾರ್ಮಿಕರಿಗೆ ಸಂಬಳ ಕೊಡುವ ಪಾಲಿಕೆಗೆ ಆ ಅನುಕೂಲವಿಲ್ಲ.

ಈ ಎಲ್ಲ ದೋಷಗಳ ನಡುವೆಯೂ ಒಂದು ಗುಣ ಜಕಾತಿಗಿತ್ತು. ಅದು ಪಾಲಿಕೆಯ ಸ್ವಂತ ಹಣ. ಪ್ರತಿದಿನ ಬರುತ್ತಿತ್ತು, ಯಾರ ಸಹಿಗೂ ಕಾಯಬೇಕಿರಲಿಲ್ಲ. ಬೇರೆ ನಗರಗಳ ಪಾಲಿಕೆಗಳು ವಿಧಾನಸೌಧದ ಮೆಟ್ಟಿಲು ಹತ್ತಿ ಅನುದಾನ ಕೇಳುವಾಗ ಮುಂಬಯಿ ಪಾಲಿಕೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದದ್ದು ಈ ಹಣದ ಬಲದಿಂದ.

ಆಸ್ತಿ ತೆರಿಗೆ ಎಲ್ಲಿ ಹೋಗಿತ್ತು?

ಸಿದ್ಧಾಂತ ಹೇಳುವ ತೆರಿಗೆ ಮುಂಬಯಿಯಲ್ಲಿ ಇರಲಿಲ್ಲವೆಂದಲ್ಲ. ನೆಲದ ಬೆಲೆ ದೇಶದಲ್ಲಿಯೇ ಅತಿ ಹೆಚ್ಚಿರುವ ಊರದು. ಆಸ್ತಿ ತೆರಿಗೆ ಒಂದರಿಂದಲೇ ಊರು ನಡೆಯಬಹುದಿತ್ತು ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಆಸ್ತಿ ತೆರಿಗೆಯನ್ನು ಲೆಕ್ಕ ಹಾಕುತ್ತಿದ್ದದ್ದು ಬಾಡಿಗೆಯ ಆಧಾರದ ಮೇಲೆ, ಮತ್ತು ನ್ಯಾಯಾಲಯಗಳ ಪ್ರಕಾರ ಆ ಬಾಡಿಗೆ ಎಂದರೆ ಕಾಯ್ದೆ ಒಪ್ಪಿದ ಬಾಡಿಗೆಯೇ. ಕೋಟಿಗಟ್ಟಲೆ ಬೆಲೆಯ ಜಾಗದ ಮೇಲಿನ ಚಾಳ್ ಒಂದಕ್ಕೆ ಹೋಟೆಲಿನ ಊಟದ ಬಿಲ್ಲಿನಷ್ಟು ತೆರಿಗೆ ಬರುವುದು ಅಚ್ಚರಿಯ ವಿಷಯವಾಗಿ ಉಳಿಯಲಿಲ್ಲ. ಕಟ್ಟಡದಿಂದ ಬಾರದ ಹಣವನ್ನು ನಾಕಾದಲ್ಲಿ ಹುಡುಕಬೇಕಾಯಿತು. ಕೆಟ್ಟ ತೆರಿಗೆಯೊಂದು ದಶಕಗಟ್ಟಲೆ ಬಾಳಿದರೆ ಅದರ ಹಿಂದೆ ಕುಂಟಿಸಿದ ಒಳ್ಳೆಯ ತೆರಿಗೆಯೊಂದು ಇದೆಯೇ ಎಂದು ಹುಡುಕಿ ನೋಡುವುದು ಒಳ್ಳೆಯದು ಎಂಬುದು ನನ್ನ ಅಭ್ಯಾಸ. ಇಲ್ಲಿ ಅದು ಬೇಗನೆ ಸಿಕ್ಕಿತು.

2010ರಲ್ಲಿ ಪಾಲಿಕೆ ಬಾಡಿಗೆಯ ಲೆಕ್ಕ ಬಿಟ್ಟು ಆಸ್ತಿಯ ಬಂಡವಾಳ ಮೌಲ್ಯದ ಲೆಕ್ಕಕ್ಕೆ ಬಂತು. ದಿಕ್ಕು ಸರಿಯಾಗಿತ್ತು. ಆದರೆ ಮೊಕದ್ದಮೆಗಳು ಬೆನ್ನು ಹತ್ತಿದವು, ಹಳೆಯ ಮನೆಗಳಿಗೆ ತೆರಿಗೆ ಒಮ್ಮೆಲೇ ಏರದಂತೆ ಮಿತಿ ಹಾಕಬೇಕಾಯಿತು. 2022ರ ಜನವರಿಯಿಂದ ಐನೂರು ಚದರ ಅಡಿವರೆಗಿನ ಮನೆಗಳಿಗೆ ಆಸ್ತಿ ತೆರಿಗೆಯೇ ಇಲ್ಲ ಎಂಬ ತೀರ್ಮಾನವಾಯಿತು. ಸಣ್ಣ ಮನೆಯವರ ಮೇಲಿನ ಕನಿಕರವನ್ನು ನಾನು ಪ್ರಶ್ನಿಸುವುದಿಲ್ಲ. ತೀರ್ಮಾನ ತೆಗೆದುಕೊಂಡದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಅದು ರಾಜ್ಯ ಸಚಿವ ಸಂಪುಟದಲ್ಲಿ. ವಿನಾಯಿತಿ ಕೊಟ್ಟ ಹೆಸರು ಒಬ್ಬರಿಗೆ, ಕಳೆದುಕೊಂಡ ಹಣ ಇನ್ನೊಬ್ಬರದು.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಯಿದೆ, ರಾಜ್ಯದ ಪಟ್ಟಿಯಿದೆ, ಊರಿನ ಪಟ್ಟಿ ಇಲ್ಲ. ನೆಲ ಮತ್ತು ಕಟ್ಟಡಗಳ ಮೇಲಿನ ತೆರಿಗೆಯೂ ರಾಜ್ಯಪಟ್ಟಿಯ 49ನೆಯ ಬಾಬತ್ತು. ಪಾಲಿಕೆಗೆ ಯಾವ ತೆರಿಗೆ ಎಂಬುದನ್ನು ರಾಜ್ಯ ಶಾಸಕಾಂಗ ಒಪ್ಪಿ ಕೊಡಬೇಕು ಎಂದಷ್ಟೇ 243ಎಕ್ಸ್ ವಿಧಿ ಹೇಳುತ್ತದೆ. ಆದ್ದರಿಂದ ಭಾರತದಲ್ಲಿ ಸ್ಥಳೀಯ ತೆರಿಗೆ ಎಂಬುದು ಬಾಡಿಗೆಗೆ ಪಡೆದ ಮನೆಯಿದ್ದಂತೆ, ಗೋಡೆಗೆ ಮೊಳೆ ಹೊಡೆಯಲೂ ಮಾಲೀಕನನ್ನು ಕೇಳಬೇಕು.

647 ಕೋಟಿಯ ಚೆಕ್

ಜಿಎಸ್‌ಟಿ ಬಂದಾಗ ಸಂವಿಧಾನದ 101ನೆಯ ತಿದ್ದುಪಡಿ ರಾಜ್ಯಪಟ್ಟಿಯ 52ನೆಯ ಬಾಬತ್ತನ್ನು, ಎಂದರೆ ಸ್ಥಳೀಯ ಪ್ರದೇಶಕ್ಕೆ ಬರುವ ಸರಕಿನ ಮೇಲಿನ ತೆರಿಗೆಯನ್ನು, ಕಿತ್ತೇಹಾಕಿತು. ಜಕಾತಿಗೆ ಬೇರೇ ಉಳಿಯಲಿಲ್ಲ. ಇಲ್ಲೊಂದು ವಿಚಿತ್ರವಿದೆ. ಕಚ್ಚಾ ತೈಲ ಇಂದಿಗೂ ಜಿಎಸ್‌ಟಿಯ ವಸೂಲಿಗೆ ಬಂದಿಲ್ಲ, ಜಿಎಸ್‌ಟಿ ಮಂಡಳಿ ದಿನ ಗೊತ್ತು ಮಾಡುವವರೆಗೆ ಹೊರಗೇ ಇರುತ್ತದೆ. ಆದರೆ ಮಾಹುಲ್‌ನ ಜಕಾತಿ ಮಾತ್ರ ಅಂದೇ ನಿಂತಿತು. ಪೆಟ್ರೋಲ್ ಮತ್ತು ಡೀಸೆಲ್ ಮೇಲೆ ರಾಜ್ಯದ ವ್ಯಾಟ್ ಉಳಿಯಿತು, ಕೇಂದ್ರದ ಅಬಕಾರಿ ಸುಂಕ ಉಳಿಯಿತು. ಮೂರು ಹಂತಗಳಲ್ಲಿ ತೈಲದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟದ್ದು ಕೆಳಗಿನದೊಂದೇ.

ಪೀಣ್ಯದ ಲಾರಿಗೆ ಇದರಿಂದ ಆದ ಲಾಭ ನಿಜವಾದದ್ದು. ಈಗ ಅದು ಮಾನಖುರ್ದ್‌ನಲ್ಲಿ ನಿಲ್ಲುವುದಿಲ್ಲ. ಮೋಟಾರಿನ ಮೇಲೆ ಒಂದೇ ತೆರಿಗೆ, ಮುಂದಿನವನು ಅದನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು, ಕೊನೆಗೆ ರಾಜ್ಯದ ಪಾಲು ಬಳಕೆಯಾದ ರಾಜ್ಯಕ್ಕೆ ಲೆಕ್ಕದ ಮೂಲಕ ಸೇರುತ್ತದೆ. ಗಡಿಯಲ್ಲಿ ಯಾರೂ ಕೈ ಅಡ್ಡ ಹಿಡಿಯಬೇಕಿಲ್ಲ. ಸರಕಿನ ಮೇಲಿನ ತೆರಿಗೆ ಊರಿನ ಕೈಯಲ್ಲಿರಬಾರದು ಎಂಬ ಸಿದ್ಧಾಂತದ ಮಾತು ಇಲ್ಲಿ ಪೂರ್ತಿ ಗೆದ್ದಿತು.

ಪಾಲಿಕೆಗೆ ಆದ ನಷ್ಟಕ್ಕೆ ಮಹಾರಾಷ್ಟ್ರ ಅದೇ ವರ್ಷ ಪರಿಹಾರದ ಕಾಯ್ದೆ ತಂದಿತು. 2016-17ರ ಜಕಾತಿಯ ಮೊತ್ತವನ್ನು ಮೂಲವಾಗಿಟ್ಟುಕೊಂಡು ವರ್ಷಕ್ಕೆ ಶೇಕಡಾ 8ರಂತೆ ಚಕ್ರಬಡ್ಡಿಯ ಹಾಗೆ ಏರಿಸಿ, ತಿಂಗಳು ತಿಂಗಳು ಮುಂಗಡವಾಗಿ ಕೊಡುವುದೆಂದಾಯಿತು. 2017ರ ಜುಲೈ ಮೊದಲ ವಾರದಲ್ಲಿ ಬಂದ ಮೊದಲ ಕಂತು 647.34 ಕೋಟಿ ರೂಪಾಯಿ. ಹನ್ನೆರಡರಿಂದ ಗುಣಿಸಿ, 1.08ರಿಂದ ಭಾಗಿಸಿದರೆ ಮೂಲ ವರ್ಷದ ಜಕಾತಿ ಸುಮಾರು 7,200 ಕೋಟಿ ಎಂದು ತಿಳಿಯುತ್ತದೆ. ಅದೇ ದರದಲ್ಲಿ ಮುಂದಕ್ಕೆ ಗುಣಿಸುತ್ತ ಹೋದರೆ 2025-26ಕ್ಕೆ 14,400 ಕೋಟಿಯ ಹತ್ತಿರ ಬರುತ್ತದೆ. ಪಾಲಿಕೆಯ ಆ ವರ್ಷದ ಆಯವ್ಯಯದಲ್ಲಿ ಇರುವ ಅಂಕಿ 14,398 ಕೋಟಿ. ಮುಂಬಯಿಯಂಥ ಊರಿನ ಅತಿ ದೊಡ್ಡ ಆದಾಯವನ್ನು ಒಂದು ಕ್ಯಾಲ್ಕುಲೇಟರಿನಲ್ಲಿ ಎಂಟು ವರ್ಷ ಮೊದಲೇ ತಿಳಿಯಬಹುದಿತ್ತು. ಅದೇ ಆಯವ್ಯಯದಲ್ಲಿ ಆಸ್ತಿ ತೆರಿಗೆಯ ಅಂದಾಜು ಸುಮಾರು 5,200 ಕೋಟಿ.

ಲೆಕ್ಕಪತ್ರ ನೋಡುವವರಿಗೆ ಇದು ಸಂತೋಷದ ವಿಷಯ. ಏರಿಳಿತದ ದೋಷ ಹೋಯಿತು. ತೈಲ ಅಗ್ಗವಿದ್ದ ವರ್ಷವನ್ನು ಮೂಲವಾಗಿ ಹಿಡಿದದ್ದರಿಂದ ಪಾಲಿಕೆಗೆ ಸ್ವಲ್ಪ ಅನ್ಯಾಯವಾಯಿತು ಎಂದು ವಾದಿಸಬಹುದು, ಕೋವಿಡ್ ವರ್ಷಗಳಲ್ಲಿ ಶೇಕಡಾ 8 ನಿಲ್ಲದೆ ಏರಿದ್ದರಿಂದ ಆ ಅನ್ಯಾಯ ಸರಿಹೋಯಿತು ಎಂದೂ ವಾದಿಸಬಹುದು. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ.

ನನ್ನ ಕಣ್ಣು ಹೋಗುವುದು ಬೇರೆ ಕಡೆಗೆ. ಊರಿನ ವ್ಯಾಪಾರ ಹೆಚ್ಚಿದರೂ ಶೇಕಡಾ 8, ಕುಸಿದರೂ ಶೇಕಡಾ 8. ಪಾಲಿಕೆ ಚೆನ್ನಾಗಿ ಕೆಲಸ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಇನ್ನಷ್ಟು ಖರ್ಚು ಮಾಡಬೇಕೆಂದರೆ ದರ ಏರಿಸಿ ಜನರ ಮುಂದೆ ನಿಲ್ಲುವ ದಾರಿ ಇಲ್ಲ, ತೆರಿಗೆ ತಗ್ಗಿಸುತ್ತೇವೆಂದು ಮತ ಕೇಳುವ ದಾರಿಯೂ ಇಲ್ಲ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಯೇ ಆಯವ್ಯಯಕ್ಕೆ ಒಪ್ಪಿಗೆ ಕೊಡುತ್ತಿದ್ದರು. ಕಂತು ಮಾತ್ರ ಒಂದು ತಿಂಗಳೂ ಪ್ರಶ್ನೆಯಾಗಲಿಲ್ಲ. ಚುನಾವಣೆ ತಡವಾದದ್ದಕ್ಕೆ ವಾರ್ಡ್ ವಿಂಗಡಣೆ, ಮೀಸಲಾತಿಯ ಮೊಕದ್ದಮೆ ಎಂದು ಬೇರೆ ಕಾರಣಗಳಿವೆ, ಪರಿಹಾರದ ಹಣವೇ ಕಾರಣವೆಂದು ನಾನು ಹೇಳುತ್ತಿಲ್ಲ. ಜನಪ್ರತಿನಿಧಿಗಳಿಲ್ಲದೆಯೂ ಸರಾಗವಾಗಿ ನಡೆಯುವ ಆದಾಯ ಅದು ಎಂದಷ್ಟೇ ಹೇಳುತ್ತಿದ್ದೇನೆ.

ಒಂದು ತೆರಿಗೆ, ನಾಲ್ಕು ಕೀಲಿ

ಈ ಪ್ರಕರಣವನ್ನು ಬಿಡಿಸಿ ನೋಡಿದರೆ ತಪ್ಪು ಎಲ್ಲಾಯಿತೆಂದು ಕಾಣುತ್ತದೆ. ತೆರಿಗೆಯೊಂದನ್ನು ಯಾರಿಗೆ ಕೊಡಬೇಕು ಎಂದು ಕೇಳುವಾಗ ನಾವು ನಾಲ್ಕು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತೇವೆ. ಯಾವುದರ ಮೇಲೆ ತೆರಿಗೆ ಎಂದು ಹೇಳುವವರು ಯಾರು, ದರ ಗೊತ್ತು ಮಾಡುವವರು ಯಾರು, ವಸೂಲು ಮಾಡುವವರು ಯಾರು, ಹಣ ಯಾರಿಗೆ. ಜಕಾತಿಯಲ್ಲಿ ನಾಲ್ಕೂ ಹೆಚ್ಚುಕಡಿಮೆ ಊರಿನ ಕೈಯಲ್ಲಿದ್ದವು. 2017ರ ನಂತರ ಊರಿಗೆ ಉಳಿದದ್ದು ಕೊನೆಯದೊಂದೇ.

ಎರಡರ ನಡುವಿನ ದಾರಿ ಇದೆ. ಸ್ವೀಡನ್ನಿನಲ್ಲಿ ಆದಾಯದ ಮೇಲಿನ ತೆರಿಗೆಯ ದೊಡ್ಡ ಪಾಲು ಸ್ಥಳೀಯ ಆಡಳಿತಗಳದು. ಯಾವುದನ್ನು ಆದಾಯ ಎನ್ನಬೇಕೆಂದು ರಾಷ್ಟ್ರದ ಕಾನೂನು ಹೇಳುತ್ತದೆ, ವಸೂಲು ಮಾಡುವುದೂ ರಾಷ್ಟ್ರೀಯ ತೆರಿಗೆ ಸಂಸ್ಥೆಯೇ, ಆದರೆ ತನ್ನ ದರವನ್ನು ಪ್ರತಿ ಪುರಸಭೆ ತಾನೇ ಗೊತ್ತು ಮಾಡುತ್ತದೆ. ಪಕ್ಕದ ಊರಿಗಿಂತ ದರ ಏಕೆ ಹೆಚ್ಚು ಎಂದು ನಾಗರಿಕ ಕೇಳಬಹುದು, ಪುರಸಭೆ ಉತ್ತರಿಸಬೇಕು. ನಾಕಾ ಬೇಡ, ಏಜೆಂಟ್ ಬೇಡ, ಉತ್ತರ ಕೊಡುವ ಹೊಣೆ ಮಾತ್ರ ಊರಿನಲ್ಲಿ ಉಳಿಯುತ್ತದೆ.

ಜಿಎಸ್‌ಟಿಯಲ್ಲಿಯೇ ಮುಂಬಯಿಗೆ ಹೀಗೊಂದು ಪಾಲು ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಆಸೆ ಸಹಜ, ಆದರೆ ಲೆಕ್ಕ ಸಿಗುವುದಿಲ್ಲ. ಜಿಎಸ್‌ಟಿಯ ವಿವರಪಟ್ಟಿಗಳು ಸರಕು ಯಾವ ರಾಜ್ಯದಲ್ಲಿ ಬಳಕೆಯಾಯಿತು ಎಂಬಲ್ಲಿಗೆ ನಿಲ್ಲುತ್ತವೆ, ಯಾವ ಊರಿನಲ್ಲಿ ಎಂಬಲ್ಲಿಗೆ ಇಳಿಯುವುದಿಲ್ಲ. ಪುಣೆಯಲ್ಲೂ ನಾಗಪುರದಲ್ಲೂ ಮುಂಬಯಿಯಲ್ಲೂ ಅಂಗಡಿಯಿರುವ ಕಂಪನಿ ಸಾಮಾನ್ಯವಾಗಿ ಮಹಾರಾಷ್ಟ್ರಕ್ಕೆಲ್ಲ ಸೇರಿ ಒಂದೇ ನೋಂದಣಿ ಸಂಖ್ಯೆಯಲ್ಲಿ ಲೆಕ್ಕ ಕೊಡುತ್ತದೆ. ಹಾಗಾಗಿ ಮುಂಬಯಿಯ ಪಾಲು ಎಂದರೆ ಯಾವುದಾದರೂ ಸೂತ್ರದ ಪಾಲು. ಸೂತ್ರ ಬರೆಯುವುದು ರಾಜ್ಯ. ತಿರುಗಿ ಅದೇ ಚೆಕ್.

ಹೆಚ್ಚು ಹೊಂದುವ ಅಭ್ಯರ್ಥಿ ನಮ್ಮ ಕಣ್ಣೆದುರೇ ಇದೆ, ಸಂಬಳದ ಚೀಟಿಯಲ್ಲಿ ತಿಂಗಳಿಗೆ ಇನ್ನೂರು ರೂಪಾಯಿ ಕಡಿತವೆಂದು ಕಾಣುವ ವೃತ್ತಿ ತೆರಿಗೆ. ದುಡಿಯುವವನು ದುಡಿಯುವ ಊರಿನ ರಸ್ತೆ, ರೈಲು, ನೀರು ಬಳಸುತ್ತಾನೆ, ಆದ್ದರಿಂದ ಆ ಊರಿಗೆ ತೆರಿಗೆ ಕೊಡುವುದರಲ್ಲಿ ನ್ಯಾಯವಿದೆ. ಸಂಬಳ ಕೊಡುವವರೇ ಹಿಡಿದು ಕಟ್ಟುವುದರಿಂದ ವಸೂಲಿ ಸುಲಭ, ಲೆಕ್ಕವೂ ಕಚೇರಿಯ ವಿಳಾಸದ ಪ್ರಕಾರ ಸಿಗುತ್ತದೆ. ಸಂವಿಧಾನದ 276ನೆಯ ವಿಧಿಯೂ ಪುರಸಭೆಗಳ ಹೆಸರು ಹಿಡಿದೇ ಇದಕ್ಕೆ ಅವಕಾಶ ಕೊಟ್ಟಿದೆ. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಇದನ್ನು ರಾಜ್ಯವೇ ವಸೂಲು ಮಾಡಿ ಇಟ್ಟುಕೊಳ್ಳುತ್ತದೆ ಎಂಬುದು ಒಂದು ತೊಡಕು, ಅದನ್ನು ರಾಜ್ಯ ಮನಸ್ಸು ಮಾಡಿದರೆ ಬಿಡಿಸಬಹುದು. ಇನ್ನೊಂದು ತೊಡಕು ರಾಜ್ಯದ ಕೈ ಮೀರಿದ್ದು. ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವೃತ್ತಿ ತೆರಿಗೆ ತೆಗೆದುಕೊಳ್ಳುವಂತಿಲ್ಲ ಎಂದು ಅದೇ ವಿಧಿ ಹೇಳುತ್ತದೆ. 1988ರಲ್ಲಿ 60ನೆಯ ತಿದ್ದುಪಡಿ 250ರಿಂದ ಈ ಮೊತ್ತಕ್ಕೆ ಏರಿಸಿದ್ದೇ ಕೊನೆ, ಇಂದಿಗೂ ಅದೇ ಮಿತಿ. ಅದನ್ನು ಬದಲಿಸಬೇಕಾದರೆ ಮತ್ತೊಮ್ಮೆ ಸಂವಿಧಾನಕ್ಕೇ ತಿದ್ದುಪಡಿಯಾಗಬೇಕು.

ಕರ್ನಾಟಕದ ಪುರಸಭೆಗಳು ಇದೇ ದಾರಿಯನ್ನು 38 ವರ್ಷ ಮೊದಲೇ ನಡೆದಿದ್ದವು. 1979ರಲ್ಲಿ ಜಕಾತಿ ಹೋಗಿ ರಾಜ್ಯದ ಪ್ರವೇಶ ತೆರಿಗೆ ಬಂತು, ಪುರಸಭೆಗಳಿಗೆ ಪರಿಹಾರ ಅನುದಾನ ಬಂತು. ಬೆಂಗಳೂರಿಗೆ ದೊಡ್ಡ ಸ್ವಂತ ಆದಾಯವೆಂದು ಉಳಿದದ್ದು ಆಸ್ತಿ ತೆರಿಗೆ. ಮನೆ ಮಾಲೀಕನೇ ತನ್ನ ತೆರಿಗೆಯನ್ನು ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆಯ ಪದ್ಧತಿಯನ್ನು ಆ ನಗರ 2000ದಲ್ಲಿ ತಂದಿತು, 2008ರಲ್ಲಿ ಬೀದಿಬೀದಿಗೆ ಚದರ ಅಡಿಯ ಲೆಕ್ಕದಲ್ಲಿ ದರ ಗೊತ್ತು ಮಾಡಿತು. ಮುಂಬಯಿಗೆ ಆ ಒತ್ತಡ ಇರಲಿಲ್ಲ, ನಾಕಾಗಳು ಇದ್ದವು. ಈಗ ನಾಕಾಗಳಿಲ್ಲ. ದಹಿಸರ್ ಮತ್ತು ಮಾನಖುರ್ದ್‌ನಲ್ಲಿ ಲಾರಿಗಳು ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಸಾರಿಗೆ ಮತ್ತು ವಾಣಿಜ್ಯ ಸಂಕೀರ್ಣ ಕಟ್ಟಿ ಅದರಿಂದ ಆದಾಯ ತೆಗೆಯುವ ಯೋಜನೆಯನ್ನು ಪಾಲಿಕೆ ಹಾಕಿಕೊಂಡಿದೆ.